ಹನ್ನೊಂದು ಕಂತುಗಳ ಲೆಕ್ಕ: ಸಹಜ್ ಸಾಕೇ, ಐಟಿಆರ್-2 ಬೇಕೇ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಇಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ವಿಜಯಪುರದಲ್ಲಿ ನನ್ನ ಹೆಸರಿನ ಮನೆಯಿದೆ, ಅದರಿಂದ ತಿಂಗಳಿಗೆ 9,000 ರೂಪಾಯಿ ಬಾಡಿಗೆ ಬರುತ್ತದೆ. 2022ರ ಜನವರಿಯಿಂದ ಈಕ್ವಿಟಿ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ ಕಟ್ಟುತ್ತಿದ್ದೆ. ಮಗಳ ಕಾಲೇಜು ಶುಲ್ಕಕ್ಕೆಂದು 2024ರ ನವೆಂಬರ್ 20ರಂದು ಎಲ್ಲವನ್ನೂ ಮಾರಿದೆ. ಲಾಭ 49,800 ರೂಪಾಯಿ. ಲಾಭ 1.25 ಲಕ್ಷದೊಳಗಿದ್ದರೆ ಈ ವರ್ಷದಿಂದ ಐಟಿಆರ್-1 ಸಾಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮೂರು ವರ್ಷದ ಹೂಡಿಕೆಯಾದ್ದರಿಂದ ಇದೆಲ್ಲ ದೀರ್ಘಾವಧಿ ಲಾಭವೇ ಅಲ್ಲವೇ? ಯಾವ ನಮೂನೆ ತುಂಬಲಿ?

ಉತ್ತರ: ನೀವು ಐಟಿಆರ್-2 ತುಂಬಬೇಕು. ಅದಕ್ಕೆ ಕಾರಣ ಬಾಡಿಗೆಯೂ ಅಲ್ಲ, ಲಾಭದ ಮೊತ್ತವೂ ಅಲ್ಲ. ನಿಮ್ಮ ಎಸ್‌ಐಪಿಯ ಕೊನೆಯ ಹನ್ನೊಂದು ಕಂತುಗಳು.

ಸಹೋದ್ಯೋಗಿಗಳು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. 2024-25ರ ಹಣಕಾಸು ವರ್ಷಕ್ಕೆ, ಅಂದರೆ 2025-26ರ ತೆರಿಗೆ ನಿರ್ಧರಣಾ ವರ್ಷಕ್ಕೆ ಬಂದಿರುವ, ಸಹಜ್ ಎಂದು ಕರೆಯುವ ಐಟಿಆರ್-1ರಲ್ಲಿ ಹೊಸ ಅವಕಾಶವೊಂದಿದೆ. ಅದರ ಹಿಂದಿನ ವರ್ಷದವರೆಗೆ ಒಂದು ರೂಪಾಯಿ ಬಂಡವಾಳ ಲಾಭವಿದ್ದರೂ ಸಹಜ್ ನಮೂನೆಯ ಬಾಗಿಲು ಮುಚ್ಚುತ್ತಿತ್ತು. ಈ ಬಾರಿ ಕಲಂ 112ಎ ಅಡಿಯ ದೀರ್ಘಾವಧಿ ಲಾಭ 1.25 ಲಕ್ಷ ರೂಪಾಯಿಯವರೆಗೆ ಇದ್ದರೆ ಅದನ್ನು ಸಹಜ್‌ನಲ್ಲಿಯೇ ತೋರಿಸಬಹುದು. 112ಎ ಎಂದರೆ ಪೇಟೆಯಲ್ಲಿ ನೋಂದಾಯಿತವಾದ, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಕಡಿತವಾದ ಷೇರುಗಳು ಮತ್ತು ಈಕ್ವಿಟಿ ಫಂಡ್ ಯೂನಿಟ್‌ಗಳನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದಾಗ ಬರುವ ಲಾಭ. ಅವಕಾಶ ಕೊಟ್ಟಿರುವುದು ಆ ಒಂದು ಬಗೆಗೆ ಮಾತ್ರ. ಅಲ್ಪಾವಧಿ ಲಾಭ ನೂರು ರೂಪಾಯಿ ಇದ್ದರೂ ಐಟಿಆರ್-1ರಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ. ಆದ್ದರಿಂದ ಲಾಭ ಎಷ್ಟು ಎಂಬುದಕ್ಕಿಂತ ಮೊದಲು ಅದು ಯಾವ ಬಗೆಯದು ಎಂದು ಕೇಳಿಕೊಳ್ಳಬೇಕು.

ನೀವು "ಮೂರು ವರ್ಷದ ಹೂಡಿಕೆ" ಎಂದಿದ್ದೀರಿ. ಬಹುತೇಕ ಎಲ್ಲರೂ ಎಡವುವುದು ಇಲ್ಲಿಯೇ. ಎಸ್‌ಐಪಿ ಎಂಬುದು ಆದಾಯ ತೆರಿಗೆಯ ಕಣ್ಣಿನಲ್ಲಿ ಒಂದು ಹೂಡಿಕೆಯಲ್ಲ. ಪ್ರತಿ ತಿಂಗಳ ಕಂತೂ ಒಂದು ಪ್ರತ್ಯೇಕ ಖರೀದಿ, ಪ್ರತಿಯೊಂದಕ್ಕೂ ಅದರದೇ ಹುಟ್ಟಿದ ದಿನಾಂಕ. ನೀವು ಮಾರಿದ ದಿನ ಪ್ರತಿ ಕಂತಿನ ಯೂನಿಟ್‌ಗಳಿಗೆ ವಯಸ್ಸೆಷ್ಟಾಗಿತ್ತು ಎಂದು ಬೇರೆ ಬೇರೆಯಾಗಿ ನೋಡಬೇಕು. ಮೊದಲು ಕೊಂಡದ್ದು ಮೊದಲು ಮಾರಾಟವಾಯಿತು ಎಂಬ ಕ್ರಮದಲ್ಲಿ ಈ ಲೆಕ್ಕ ನಡೆಯುತ್ತದೆ.

ಕಂತು ಪ್ರತಿ ತಿಂಗಳ 10ರಂದು ಹೋಗುತ್ತಿತ್ತು, ಕೊನೆಯದು 2024ರ ಅಕ್ಟೋಬರ್‌ನಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ. 2022ರ ಜನವರಿಯಿಂದ 2024ರ ಅಕ್ಟೋಬರ್‌ವರೆಗೆ ಒಟ್ಟು 34 ಕಂತುಗಳು, 1,70,000 ರೂಪಾಯಿ. ನೀವು ಮಾರಿದ್ದು 2024ರ ನವೆಂಬರ್ 20ರಂದು. ಅಲ್ಲಿಂದ ಹನ್ನೆರಡು ತಿಂಗಳು ಹಿಂದಕ್ಕೆ ಎಣಿಸಿದರೆ 2023ರ ನವೆಂಬರ್ 10ರ ಕಂತು ವರ್ಷ ದಾಟಿದೆ, ಡಿಸೆಂಬರ್ 10ರ ಕಂತು ದಾಟಿಲ್ಲ. ಹಾಗಾಗಿ ಮೊದಲ 23 ಕಂತುಗಳು, ಅಂದರೆ 1,15,000 ರೂಪಾಯಿಯ ಖರೀದಿ, ದೀರ್ಘಾವಧಿ. ಉಳಿದ 11 ಕಂತುಗಳು, 55,000 ರೂಪಾಯಿ, ಅಲ್ಪಾವಧಿ.

ಫಂಡ್ ಹೇಳಿಕೆ ನನ್ನ ಕೈಯಲ್ಲಿಲ್ಲದ ಕಾರಣ ಮಾರಾಟದ ಮೊತ್ತವನ್ನು ಒಂದು ಉದಾಹರಣೆಯಾಗಿ ಹಂಚುತ್ತೇನೆ. ಮೊದಲ 23 ಕಂತುಗಳಿಗೆ 1,61,000 ರೂಪಾಯಿ, ಕೊನೆಯ 11 ಕಂತುಗಳಿಗೆ 58,800 ರೂಪಾಯಿ ಬಂದಿದೆ ಎನ್ನೋಣ. ದೀರ್ಘಾವಧಿ ಲಾಭ 46,000, ಅಲ್ಪಾವಧಿ ಲಾಭ 3,800, ಒಟ್ಟು ನೀವು ಹೇಳಿದ 49,800. ಹಳೆಯ ಕಂತುಗಳಿಗೆ ಬೆಳೆಯಲು ಸಮಯ ಸಿಕ್ಕಿರುವುದರಿಂದ ಲಾಭದ ಹೆಚ್ಚಿನ ಭಾಗ ಅಲ್ಲಿಯೇ ಇರುವುದು ಸಹಜ. ಆದರೆ ನಮೂನೆಯನ್ನು ನಿರ್ಧರಿಸುವುದು ಆ 46,000 ಅಲ್ಲ, ಈ 3,800. ದೀರ್ಘಾವಧಿ ಲಾಭ 1.25 ಲಕ್ಷದೊಳಗಿರುವುದರಿಂದ ಅದಕ್ಕೆ ತೆರಿಗೆಯಿಲ್ಲ. ಅಲ್ಪಾವಧಿ ಲಾಭಕ್ಕೆ ಅಂತಹ ವಿನಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ. 2024ರ ಜುಲೈ 23 ಮತ್ತು ಅನಂತರದ ಮಾರಾಟಕ್ಕೆ ಅದರ ದರ ಶೇ 20. ಅದಕ್ಕೂ ಹಿಂದಿನ ಮಾರಾಟಕ್ಕೆ ಶೇ 15 ಇತ್ತು. ಹಾಗಾಗಿ ನಿಮ್ಮ 3,800ಕ್ಕೆ 760 ರೂಪಾಯಿ ತೆರಿಗೆ, ಅದರ ಮೇಲೆ ಶೇ 4ರ ಸೆಸ್ ಸೇರಿ ಸುಮಾರು 790 ರೂಪಾಯಿ.

ಹಾಗಾದರೆ ಸಹೋದ್ಯೋಗಿಗಳು ಸಹಜ್ ತುಂಬಿದ್ದು ತಪ್ಪೇ? ಇರಲಾರದು. ಅನೇಕ ಶಿಕ್ಷಕರು ತೆರಿಗೆ ಉಳಿತಾಯಕ್ಕೆಂದು ಇಎಲ್‌ಎಸ್‌ಎಸ್ ಫಂಡ್‌ಗಳಲ್ಲಿ ಹಣ ಹಾಕಿರುತ್ತಾರೆ. ಅಲ್ಲಿ ಪ್ರತಿ ಕಂತನ್ನೂ ಮೂರು ವರ್ಷ ತೆಗೆಯುವಂತಿಲ್ಲ. ತೆಗೆದದ್ದೆಲ್ಲ ತಾನಾಗಿಯೇ ದೀರ್ಘಾವಧಿಯಾಗಿರುತ್ತದೆ, ಅಲ್ಪಾವಧಿಯ ಬಾಲ ಉಳಿಯುವುದೇ ಇಲ್ಲ. ಅವರಿಗೆ ಐಟಿಆರ್-1 ಸರಿಯಾಗಿ ಒಪ್ಪುತ್ತದೆ. ನಿಮ್ಮದು ಬೀಗವಿಲ್ಲದ ಸಾಮಾನ್ಯ ಈಕ್ವಿಟಿ ಫಂಡ್, ಮೇಲಾಗಿ ಕೊನೆಯ ತಿಂಗಳವರೆಗೂ ಕಂತು ಕಟ್ಟಿ ಪೂರ್ತಿ ಮಾರಿದ್ದೀರಿ. ಇಂತಹ ಮಾರಾಟದಲ್ಲಿ ಅಲ್ಪಾವಧಿಯ ಪಾಲು ಇಲ್ಲದೆ ಇರಲು ಸಾಧ್ಯವೇ ಇಲ್ಲ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್, ನಿಮ್ಮ ಫಂಡ್‌ನ ದಾಖಲೆ ಇವೆರಡರಲ್ಲಿ ಯಾರ ಬಳಿಯಿದೆಯೋ ಅವರ ಜಾಲತಾಣದಿಂದ 2024-25ರ ಬಂಡವಾಳ ಲಾಭದ ಹೇಳಿಕೆಯನ್ನು ತರಿಸಿಕೊಳ್ಳಿ. ಫೋಲಿಯೊಗೆ ಜೋಡಿಸಿರುವ ಇಮೇಲ್ ವಿಳಾಸಕ್ಕೆ ಅದು ಬರುತ್ತದೆ. ಅದರಲ್ಲಿ ಪ್ರತಿ ಕಂತಿನ ಖರೀದಿ ದಿನಾಂಕ, ಬೆಲೆ, ಮಾರಿದ ಬೆಲೆ, ಅಲ್ಪಾವಧಿ ಮತ್ತು ದೀರ್ಘಾವಧಿ ಲಾಭ ಬೇರೆ ಬೇರೆ ಅಂಕಣಗಳಲ್ಲಿ ಇರುತ್ತವೆ. ಬಳಿಕ ಇಲಾಖೆಯ ಪೋರ್ಟಲ್‌ನಲ್ಲಿ ವಾರ್ಷಿಕ ಮಾಹಿತಿ ಹೇಳಿಕೆಯಾದ `AIS` ತೆರೆದು ನೋಡಿ. ಅಲ್ಲಿಯೂ ನಿಮ್ಮ ಮಾರಾಟ ಸಾಲುಸಾಲಾಗಿ ಬಂದಿರುತ್ತದೆ, ಆಸ್ತಿಯ ಬಗೆ ಅಲ್ಪಾವಧಿಯೋ ದೀರ್ಘಾವಧಿಯೋ ಎಂದೂ ಬರೆದಿರುತ್ತದೆ. ಅಂದರೆ ಇಲಾಖೆಗೆ ಈ 11 ಕಂತುಗಳ ವಿಷಯ ಆಗಲೇ ಗೊತ್ತು. ಒಂದು ಎಚ್ಚರಿಕೆ: ಎಐಎಸ್‌ನಲ್ಲಿ ಖರೀದಿ ಬೆಲೆಯ ಅಂಕಣ ಕೆಲವೊಮ್ಮೆ ಖಾಲಿಯಿರುತ್ತದೆ ಅಥವಾ ತಪ್ಪಾಗಿರುತ್ತದೆ. ಮಾರಾಟದ ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡಲು ಎಐಎಸ್ ಬಳಸಿ, ಲಾಭದ ಲೆಕ್ಕಕ್ಕೆ ಫಂಡ್ ಹೇಳಿಕೆಯನ್ನೇ ನಂಬಿ.

ಇನ್ನು ಬಾಡಿಗೆ. ಒಂದೇ ಮನೆಯಿಂದ ಬರುವ ಬಾಡಿಗೆ ಐಟಿಆರ್-1ಕ್ಕೆ ಅಡ್ಡಿಯಲ್ಲ. ಆದರೆ "ಒಂದು ಮನೆ" ಎಂಬುದನ್ನು ನಮ್ಮ ಕಡೆಯ ಜನ "ಬಾಡಿಗೆ ಬರುವ ಒಂದು ಮನೆ" ಎಂದು ಓದಿಕೊಳ್ಳುತ್ತಾರೆ. 2024-25ರ ಆದಾಯಕ್ಕಿರುವ ನಿಯಮದಲ್ಲಿ ಎಣಿಸುವುದು ನಿಮ್ಮ ಒಡೆತನದ ಮನೆಗಳನ್ನು, ಬಾಡಿಗೆ ತರುವ ಮನೆಗಳನ್ನಲ್ಲ. ವಿಜಯಪುರದ ಮನೆ ಬಾಡಿಗೆಗಿದ್ದು, ಬೆಳಗಾವಿಯಲ್ಲಿ ನೀವಿರುವ ಮನೆಯೂ ನಿಮ್ಮದೇ ಆಗಿದ್ದರೆ ಎರಡು ಮನೆಗಳಾಗುತ್ತಿದ್ದವು. ಆಗ ಫಂಡ್ ಮಾರದಿದ್ದರೂ ಐಟಿಆರ್-2ಕ್ಕೇ ಹೋಗಬೇಕಾಗಿತ್ತು. ತವರಿನ ಹಳ್ಳಿಯಲ್ಲಿ ಪಾಲಾಗಿ ನಿಮ್ಮ ಹೆಸರು ಉತಾರಕ್ಕೆ ಬಂದ ಮನೆಯೊಂದು ಬೀಗ ಹಾಕಿಕೊಂಡು ನಿಂತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅದರಿಂದ ಬಾಡಿಗೆಯಿಲ್ಲ, ಸ್ವಂತ ವಾಸದ ಮನೆ ಎಂದು ತೋರಿಸಿದರೆ ತೆರಿಗೆಯೂ ಇಲ್ಲ, ಆದರೆ ಮನೆಗಳ ಸಂಖ್ಯೆ ಎರಡಾಗುತ್ತದೆ. ಪತಿಯ ಹೆಸರಿನ ಮನೆ ನಿಮ್ಮ ರಿಟರ್ನ್‌ಗೆ ಸೇರುವುದಿಲ್ಲ. ಮೇಲಿನ ಮಹಡಿಯಲ್ಲಿ ತಾವಿದ್ದು ಕೆಳಗಿನ ಪ್ರತ್ಯೇಕ ಮನೆಯನ್ನು ಬಾಡಿಗೆಗೆ ಕೊಟ್ಟವರಿಗೂ ನಾನು ಐಟಿಆರ್-2ನ್ನೇ ಹೇಳುತ್ತೇನೆ, ಏಕೆಂದರೆ ಎರಡು ಭಾಗಗಳ ಲೆಕ್ಕ ಬೇರೆ ಬೇರೆಯಾಗಿಯೇ ಮಾಡಬೇಕಾಗುತ್ತದೆ.

ನೀವು ಬರೆಯದ ಒಂದು ವಿಷಯವನ್ನು ನಾನು ಕೇಳಲೇಬೇಕು: ಹೊಲವಿದೆಯೇ? ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ನೌಕರಿಯಲ್ಲಿರುವ ಎಷ್ಟೋ ಮಂದಿಯ ಹೆಸರಿನಲ್ಲಿ ಎರಡು ಮೂರು ಎಕರೆ ಕಬ್ಬೋ, ದ್ರಾಕ್ಷಿಯೋ, ಜೋಳದ ಹೊಲವೋ ಇರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ಅದನ್ನು ಬರೆಯುವುದೇ ಇಲ್ಲ. ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ತುಂಬುವಂತಿಲ್ಲ. ಹೊಲವನ್ನು ಲಾವಣಿಗೆ ಕೊಟ್ಟು ಬಂದ ಹಣವೂ ಕೃಷಿ ಆದಾಯವೇ, ಅದನ್ನು ಮನೆ ಬಾಡಿಗೆಯ ಜೊತೆ ಸೇರಿಸಬಾರದು. ಕಾರ್ಖಾನೆಯ ಕಬ್ಬಿನ ಬಿಲ್ ನೇರವಾಗಿ ಬ್ಯಾಂಕ್ ಖಾತೆಗೆ ಬರುವ ಈ ದಿನಗಳಲ್ಲಿ ಅದನ್ನು ಬಿಟ್ಟುಬಿಟ್ಟರೆ, ಮುಂದೆ ಯಾರಾದರೂ ಆ ಜಮೆಯ ಬಗ್ಗೆ ಕೇಳಿದಾಗ ತೋರಿಸಲು ರಿಟರ್ನ್‌ನಲ್ಲಿ ಒಂದು ಸಾಲೂ ಇರುವುದಿಲ್ಲ.

ಕೃಷಿ ಆದಾಯಕ್ಕೆ ನೇರ ತೆರಿಗೆಯಿಲ್ಲ ಎಂಬುದು ನಿಜ. ಆದರೆ ಅದು ಉಳಿದ ಆದಾಯದ ತೆರಿಗೆಯನ್ನು ಸ್ವಲ್ಪ ಏರಿಸುತ್ತದೆ. ಖರ್ಚು ಕಳೆದು 60,000 ರೂಪಾಯಿ ಉಳಿದಿದ್ದರೆ, ಮೊದಲು ಅದನ್ನು ಉಳಿದ ಆದಾಯಕ್ಕೆ ಕೂಡಿಸಿ ತೆರಿಗೆ ಲೆಕ್ಕ ಹಾಕುತ್ತಾರೆ. ಬಳಿಕ 2024-25ಕ್ಕಿದ್ದ ಮೂಲ ವಿನಾಯಿತಿಯ 3 ಲಕ್ಷಕ್ಕೆ ಅದೇ 60,000 ಕೂಡಿಸಿ ಬರುವ ತೆರಿಗೆಯನ್ನು ಕಳೆಯುತ್ತಾರೆ. ಮುಂದೆ ಹೇಳಲಿರುವ ನಿಮ್ಮಂತಹ ಆದಾಯಕ್ಕೆ ಇದರಿಂದ 3,000 ರೂಪಾಯಿ ಮತ್ತು ಅದರ ಸೆಸ್ ಹೆಚ್ಚಾಗುತ್ತದೆ. ನಿಮಗೆ ಹೊಲವಿಲ್ಲದಿದ್ದರೆ ಈ ಪ್ಯಾರಾವನ್ನು ಬಿಡಿ. ಇದ್ದರೆ `Schedule EI` ಭಾಗದಲ್ಲಿ ಅದನ್ನು ತಪ್ಪದೆ ತುಂಬಿ.

ಈಗ ಪೂರ್ತಿ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸಂಬಳ ನೀವು ಹೇಳಿಲ್ಲ, ವರ್ಷಕ್ಕೆ 8,40,000 ಎಂದಿಟ್ಟುಕೊಳ್ಳುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತ ಹೋಗಿ 7,65,000 ಉಳಿಯುತ್ತದೆ.

ಬಾಡಿಗೆ ವರ್ಷಕ್ಕೆ 1,08,000. ಮಹಾನಗರ ಪಾಲಿಕೆಗೆ ಆ ವರ್ಷದೊಳಗೆ ನೀವೇ ಕಟ್ಟಿದ ಆಸ್ತಿ ತೆರಿಗೆಯನ್ನು ಅದರಿಂದ ಕಳೆಯಬಹುದು. ಬಾಕಿಯಿರುವ ತೆರಿಗೆಯನ್ನಲ್ಲ, ಬಾಡಿಗೆದಾರರು ಕಟ್ಟಿದ್ದನ್ನೂ ಅಲ್ಲ. 2,400 ರೂಪಾಯಿ ಕಟ್ಟಿದ್ದೀರಿ ಎಂದರೆ 1,05,600 ಉಳಿಯಿತು. ಅದರ ಶೇ 30, ಅಂದರೆ 31,680 ರೂಪಾಯಿಯನ್ನು ದುರಸ್ತಿ ಮುಂತಾದವುಗಳಿಗೆಂದು ಕಾನೂನೇ ಬಿಡುತ್ತದೆ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅದು ಸಿಗುತ್ತದೆ, ಸುಣ್ಣಬಣ್ಣಕ್ಕೆ ಲಕ್ಷ ಸುರಿದಿದ್ದರೂ ಅಷ್ಟೇ ಸಿಗುತ್ತದೆ. ಉಳಿದ 73,920 ಮನೆಯ ಆದಾಯ. ಬಾಡಿಗೆದಾರರಿಂದ ಪಡೆದ, ಮರಳಿಸಬೇಕಾದ ಠೇವಣಿ ಆದಾಯವಲ್ಲ.

ಗೃಹಸಾಲವಿದ್ದರೆ ಅದರ ಬಡ್ಡಿಯನ್ನೂ ಇಲ್ಲಿ ಕಳೆಯಬಹುದು. ಬಾಡಿಗೆಗೆ ಕೊಟ್ಟ ಮನೆಗೆ ಹೊಸ ಪದ್ಧತಿಯಲ್ಲಿಯೂ ಇದು ಉಂಟು. ಆದರೆ ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟ ಬಂದರೆ ಹೊಸ ಪದ್ಧತಿಯಲ್ಲಿ ಅದನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ 2 ಲಕ್ಷದವರೆಗೆ ಕಳೆಯಬಹುದು. ದೊಡ್ಡ ಸಾಲವಿರುವವರು ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡುವುದು ಇದೇ ಕಾರಣಕ್ಕೆ. ಹಳೆಯ ಪದ್ಧತಿ ಬೇಕೆನ್ನುವವರು ಕೊನೆಯ ದಿನದೊಳಗೇ ರಿಟರ್ನ್ ಸಲ್ಲಿಸಬೇಕು, ತಡವಾದ ರಿಟರ್ನ್‌ನಲ್ಲಿ ಆ ಆಯ್ಕೆ ಸಿಗುವುದಿಲ್ಲ. 2025ರಲ್ಲಿ ಆ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಬಳಿಕ ಸೆಪ್ಟೆಂಬರ್ 16ಕ್ಕೆ ಮುಂದೂಡಿದ್ದರು. ಯಾವ ಪದ್ಧತಿ ಆರಿಸಿದರೂ ನಿಮ್ಮ ನಮೂನೆ ಮಾತ್ರ ಬದಲಾಗುವುದಿಲ್ಲ.

ಉಳಿತಾಯ ಖಾತೆಯ ಬಡ್ಡಿ 6,080 ಎಂದುಕೊಂಡರೆ ಸಂಬಳ, ಮನೆ, ಬಡ್ಡಿ ಮೂರೂ ಕೂಡಿ 8,45,000 ರೂಪಾಯಿ. 2024-25ಕ್ಕಿದ್ದ ಹೊಸ ಪದ್ಧತಿಯ ದರದಲ್ಲಿ 3 ಲಕ್ಷದವರೆಗೆ ತೆರಿಗೆಯಿಲ್ಲ, ಅಲ್ಲಿಂದ 7 ಲಕ್ಷದವರೆಗೆ ಶೇ 5ರಂತೆ 20,000, ಮೇಲಿನ 1,45,000ಕ್ಕೆ ಶೇ 10ರಂತೆ 14,500. ಒಟ್ಟು 34,500. ಅಲ್ಪಾವಧಿ ಲಾಭದ 760 ಸೇರಿಸಿದರೆ 35,260, ಸೆಸ್ ಸೇರಿ 36,670 ರೂಪಾಯಿ.

ಶಾಲೆಯಿಂದ ಸಂಬಳದ ಮೇಲಷ್ಟೇ ತೆರಿಗೆ ಕಡಿದಿದ್ದರೆ ಅದು 27,560 ಆಗಿರುತ್ತದೆ. ಬಾಡಿಗೆ, ಬಡ್ಡಿ, ಫಂಡ್ ಲಾಭ ಯಾವುದೂ ಅವರ ಲೆಕ್ಕದಲ್ಲಿ ಇರಲಿಲ್ಲ. ಹಾಗಾಗಿ 9,110 ರೂಪಾಯಿಯನ್ನು ನೀವೇ ಕಟ್ಟಬೇಕು. ಈ ಬಾಕಿ 10,000 ರೂಪಾಯಿ ಮುಟ್ಟದಿರುವುದರಿಂದ ಮುಂಗಡ ತೆರಿಗೆ ಕಟ್ಟಲಿಲ್ಲವೆಂದು ಬಡ್ಡಿ ಬೀಳುವುದಿಲ್ಲ. ಪೋರ್ಟಲ್‌ನ `e-Pay Tax` ಭಾಗದಲ್ಲಿ `Self-Assessment Tax (300)` ಆರಿಸಿ, ವರ್ಷ `2025-26` ಎಂದೇ ಇದೆಯೆಂದು ಎರಡು ಸಲ ನೋಡಿ, ರಿಟರ್ನ್ ಸಲ್ಲಿಸುವ ಮುನ್ನವೇ ಕಟ್ಟಿ. ವರ್ಷ ತಪ್ಪಿದರೆ ಹಣ ಇಲಾಖೆಗೆ ಮುಟ್ಟಿಯೂ ನಿಮ್ಮ ಲೆಕ್ಕಕ್ಕೆ ಸೇರದೆ ಅಲೆದಾಡಿಸುತ್ತದೆ.

ನಮೂನೆಗೆ ಬರೋಣ. ಐಟಿಆರ್-2 ದೊಡ್ಡದು, ತೆರೆದ ಕೂಡಲೇ ಹೆದರಿಸುತ್ತದೆ. ಅದರ ಮುಕ್ಕಾಲು ಭಾಗ ನಿಮಗೆ ಸಂಬಂಧಿಸಿದ್ದಲ್ಲ. ಪೋರ್ಟಲ್ ಮೊದಲಿಗೆ ಯಾವ ಯಾವ ಭಾಗಗಳು ಬೇಕೆಂದು ಕೇಳುತ್ತದೆ. ಸಂಬಳ, ಮನೆ, ಬಂಡವಾಳ ಲಾಭ, ಇತರ ಆದಾಯ, ಕಟ್ಟಿದ ತೆರಿಗೆ, ಇವುಗಳೊಂದಿಗೆ `Schedule 112A` ಉಳಿಸಿಕೊಂಡರೆ ನಿಮ್ಮ ಕೆಲಸವಾಗುತ್ತದೆ. ಸಂಬಳ ಮತ್ತು ತೆರಿಗೆ ಕಡಿತದ ಅಂಕಿಗಳು ಬಹುಪಾಲು ತಾವೇ ಬಂದು ಕುಳಿತಿರುತ್ತವೆ, ಫಾರ್ಮ್ 16ರೊಂದಿಗೆ ತಾಳೆ ನೋಡಿದರೆ ಸಾಕು. ಬಾಡಿಗೆ ಎಲ್ಲಿಂದಲೂ ತಾನಾಗಿ ಬರುವುದಿಲ್ಲ, ನೀವೇ ಬರೆಯಬೇಕು.

ಬಂಡವಾಳ ಲಾಭದ ಭಾಗದಲ್ಲಿ ಮೂರು ಕಡೆ ಅಂಕಿ ಹೋಗುತ್ತದೆ. 46,000ದ ದೀರ್ಘಾವಧಿ ಲಾಭ `Schedule 112A` ಒಳಗೆ. ನಿಮ್ಮ ಖರೀದಿಯೆಲ್ಲ 2018ರ ಜನವರಿ 31ರ ನಂತರದ್ದು, ಆದ್ದರಿಂದ 23 ಕಂತುಗಳನ್ನು ಒಂದೊಂದಾಗಿ ಬರೆಯಬೇಕಿಲ್ಲ, ಒಟ್ಟು ಮಾರಾಟ 1,61,000, ಒಟ್ಟು ಖರೀದಿ 1,15,000 ಎಂದು ಕೂಡಿಸಿ ತೋರಿಸಬಹುದು. ಮಾರಾಟ 2024ರ ಜುಲೈ 23ರ ಮುಂಚೆಯೋ ಅನಂತರವೋ ಎಂದು ಕೇಳಿದಾಗ ಅನಂತರ ಎಂದು ಆರಿಸಿ. 3,800ದ ಅಲ್ಪಾವಧಿ ಲಾಭ `Schedule CG` ಒಳಗಿನ ಕಲಂ 111ಎ ಭಾಗಕ್ಕೆ ಹೋಗುತ್ತದೆ. ಅಲ್ಲಿ ಮಾರಾಟ 58,800, ಖರೀದಿ 55,000, ಇದೂ ಜುಲೈ 23ರ ನಂತರದ್ದು.

ಮೂರನೆಯದು ಬಹಳ ಮಂದಿಯನ್ನು ರಾತ್ರಿಯವರೆಗೆ ಕೂರಿಸುವ ಜಾಗ. `Schedule CG` ಕೊನೆಯಲ್ಲಿ ಲಾಭ ವರ್ಷದ ಯಾವ ಅವಧಿಯಲ್ಲಿ ಬಂತು ಎಂಬ ಕೋಷ್ಟಕವಿದೆ. ಅದರ ಅವಧಿಗಳು ಮುಂಗಡ ತೆರಿಗೆಯ ಕಂತುಗಳಿಗೆ ಹೊಂದಿಕೊಂಡಿವೆ. ನವೆಂಬರ್ 20ರ ಮಾರಾಟ ಸೆಪ್ಟೆಂಬರ್ 16ರಿಂದ ಡಿಸೆಂಬರ್ 15ರವರೆಗಿನ ಅಂಕಣಕ್ಕೆ ಸೇರುತ್ತದೆ. ಶೇ 20ರ ಅಲ್ಪಾವಧಿ ಸಾಲಿನಲ್ಲಿ 3,800, ಶೇ 12.5ರ ದೀರ್ಘಾವಧಿ ಸಾಲಿನಲ್ಲಿ 46,000 ಬರೆಯಿರಿ. ದೀರ್ಘಾವಧಿಗೆ ತೆರಿಗೆಯೇ ಇಲ್ಲವಲ್ಲ ಎಂದು ಇಲ್ಲಿ ಸೊನ್ನೆ ಬಿಟ್ಟರೆ, ಮೇಲಿನ ಅಂಕಿಗೂ ಕೋಷ್ಟಕಕ್ಕೂ ತಾಳೆಯಾಗದೆ ಪೋರ್ಟಲ್ ದೋಷ ತೋರಿಸಿ ಮುಂದೆ ಬಿಡುವುದಿಲ್ಲ. 1.25 ಲಕ್ಷದ ವಿನಾಯಿತಿಯನ್ನು ಅದು ತೆರಿಗೆ ಲೆಕ್ಕ ಹಾಕುವಾಗ ತಾನೇ ಕೊಡುತ್ತದೆ.

790 ರೂಪಾಯಿಗಾಗಿ ಇಷ್ಟೆಲ್ಲ ಏಕೆ, 49,800ನ್ನೂ ದೀರ್ಘಾವಧಿ ಎಂದು ಸಹಜ್‌ನಲ್ಲಿ ಬರೆದುಬಿಟ್ಟರಾಗದೇ ಎಂದು ಬಾಗಲಕೋಟೆಯ ಒಬ್ಬ ಬ್ಯಾಂಕ್ ನೌಕರರು ನನ್ನನ್ನು ನೇರವಾಗಿ ಕೇಳಿದ್ದರು. ಆಗುವುದಿಲ್ಲ. ಅದು ಮೊತ್ತದ ಸಣ್ಣತನದ ಪ್ರಶ್ನೆಯಲ್ಲ, ಗೊತ್ತಿದ್ದೂ ತಪ್ಪು ಘೋಷಣೆಗೆ ಸಹಿ ಹಾಕಿದಂತೆ. ಎಐಎಸ್‌ನ ಅಂಕಿಗೂ ನಿಮ್ಮ ರಿಟರ್ನ್‌ಗೂ ವ್ಯತ್ಯಾಸ ಕಂಡಾಗ ಇಲಾಖೆ ಕಲಂ 139(9)ರ ಅಡಿಯಲ್ಲಿ ದೋಷಪೂರಿತ ರಿಟರ್ನ್ ಎಂದು ನೋಟಿಸ್ ಕಳುಹಿಸಬಹುದು. ಸರಿಪಡಿಸಲು ಸಾಮಾನ್ಯವಾಗಿ 15 ದಿನ. ಆ ನೋಟಿಸ್ ಅಂಚೆಯಲ್ಲಿ ಮನೆಬಾಗಿಲಿಗೆ ಬರುವುದಿಲ್ಲ, ಇಮೇಲ್‌ಗೂ ಪೋರ್ಟಲ್‌ನ ಖಾತೆಗೂ ಬರುತ್ತದೆ. ಇಮೇಲ್ ತೆರೆಯುವ ಅಭ್ಯಾಸವಿಲ್ಲದವರು ಗಡುವು ಕಳೆದುಕೊಳ್ಳುತ್ತಾರೆ. ಸರಿಪಡಿಸದೆ ಉಳಿದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಪರಿಗಣಿಸಬಹುದು.

ಈಗಾಗಲೇ ಐಟಿಆರ್-1 ಸಲ್ಲಿಸಿಬಿಟ್ಟಿದ್ದರೆ ಗಾಬರಿಯಾಗಬೇಡಿ. ನೋಟಿಸ್‌ಗೆ ಕಾಯದೆ ಕಲಂ 139(5)ರ ಅಡಿಯಲ್ಲಿ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಬಹುದು, 2024-25ರ ಆದಾಯಕ್ಕೆ ಆ ಗಡುವು 2025ರ ಡಿಸೆಂಬರ್ 31 ಆಗಿತ್ತು. ಮೊದಲನೆಯದು ಐಟಿಆರ್-1 ಆಗಿತ್ತು ಎಂದ ಮಾತ್ರಕ್ಕೆ ಪರಿಷ್ಕೃತವೂ ಅದೇ ಆಗಬೇಕಿಲ್ಲ, ಐಟಿಆರ್-2 ಆರಿಸಿ ಮೊದಲ ರಿಟರ್ನ್‌ನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ಕೊಡಿ. ಪರಿಷ್ಕೃತ ರಿಟರ್ನ್ ಅನ್ನೂ ಆಧಾರ್ ಒಟಿಪಿ ಮುಂತಾದ ಮಾರ್ಗದಿಂದ 30 ದಿನಗಳೊಳಗೆ ದೃಢೀಕರಿಸಬೇಕು. ಹಿಂದಿನದನ್ನು ದೃಢೀಕರಿಸಿದ್ದೇನೆ ಎಂದು ಇದನ್ನು ಬಿಡುವಂತಿಲ್ಲ.

ನಿಮ್ಮಂತೆಯೇ ಸಂಬಳ, ಬಾಡಿಗೆಯ ಜೊತೆ ಬೇರೆ ಸಣ್ಣ ಲಾಭವಿರುವವರಿಗಾಗಿ ಒಂದೆರಡು ಮಾತು. ಡೆಟ್ ಫಂಡ್, ಚಿನ್ನ, ನಿವೇಶನ ಇವುಗಳಿಂದ ಬಂದ ಲಾಭ ಎಷ್ಟೇ ಚಿಕ್ಕದಾದರೂ, ಎಷ್ಟೇ ಹಳೆಯದಾದರೂ 112ಎಗೆ ಸೇರುವುದಿಲ್ಲ. ಐಟಿಆರ್-2 ಬೇಕು. ಷೇರಿನಲ್ಲಿ ನಷ್ಟವಾಗಿದ್ದರೂ ಐಟಿಆರ್-2ನ್ನೇ, ಅದೂ ಕೊನೆಯ ದಿನದೊಳಗೇ ಸಲ್ಲಿಸಿ. ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಲಾಭದಿಂದ ಕಳೆಯಬಹುದು, ಸಹಜ್ ತುಂಬಿದರೆ ಅದು ಕೈತಪ್ಪುತ್ತದೆ. ಬೆಳಿಗ್ಗೆ ಕೊಂಡು ಸಂಜೆ ಮಾರುವ ಇಂಟ್ರಾಡೇ ಅಥವಾ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದವರದು ಬಂಡವಾಳ ಲಾಭವೇ ಅಲ್ಲ. ಅದು ವ್ಯಾಪಾರದ ಆದಾಯ, ನಮೂನೆ ಐಟಿಆರ್-3. ಬ್ಯಾಂಕ್ ಠೇವಣಿಯ ಬಡ್ಡಿ, ಷೇರಿನ ಲಾಭಾಂಶ ಇವು ಮಾತ್ರ ನಮೂನೆಯನ್ನು ಬದಲಿಸುವುದಿಲ್ಲ.

ಮುಂದಿನ ಸಲ ಫಂಡ್ ಮಾರಬೇಕಾಗಿ ಬಂದಾಗ ಒಂದು ದಾರಿಯಿದೆ. ಬೇಕಿರುವಷ್ಟೇ ಯೂನಿಟ್ ಮಾರಿದರೆ ಹಳೆಯವೇ ಮೊದಲು ಹೋಗುತ್ತವೆ. 2024ರ ನವೆಂಬರ್‌ನಲ್ಲಿಯೂ ನೀವು ಮೊದಲ 23 ಕಂತುಗಳ ಯೂನಿಟ್‌ಗಳನ್ನಷ್ಟೇ ಮಾರಿ 1,61,000 ಪಡೆದು, ಉಳಿದವನ್ನು ಬಿಟ್ಟಿದ್ದರೆ ಅಲ್ಪಾವಧಿ ಲಾಭವೇ ಇರುತ್ತಿರಲಿಲ್ಲ, ಸಹಜ್ ಸಾಕಾಗುತ್ತಿತ್ತು. ಮಗಳ ಶುಲ್ಕಕ್ಕೆ ಪೂರ್ತಿ ಹಣ ಬೇಕಿದ್ದರೆ ಮಾರಿದ್ದೇ ಸರಿ. ತೆರಿಗೆಯ ನಮೂನೆಗಾಗಿ ಕಾಲೇಜಿನ ಸೀಟು ಬಿಡುವವರಿಲ್ಲ. ಆದರೆ ಹಣದಲ್ಲಿ ಒಂದಿಷ್ಟು ಬೇರೆ ಕಡೆಯಿಂದ ಹೊಂದುವಂತಿದ್ದರೆ, ಮಾರುವ ಮುನ್ನ ಆ ಹೇಳಿಕೆಯಲ್ಲಿ ಎಷ್ಟು ಯೂನಿಟ್‌ಗಳಿಗೆ ವರ್ಷ ತುಂಬಿದೆ ಎಂದು ನೋಡಿಕೊಳ್ಳಿ.

ಬಾಡಿಗೆಯ ವಿಷಯವನ್ನು ಈ ವರ್ಷವೇ ಶಾಲೆಯಲ್ಲಿ ಸಂಬಳದ ಬಿಲ್ ಮಾಡುವವರಿಗೆ ಬರೆದುಕೊಡಿ. ಮನೆಯ ಆದಾಯವನ್ನು ನೀವು ತಿಳಿಸಿದರೆ ಅವರು ಅದನ್ನೂ ಸೇರಿಸಿಕೊಂಡು ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ತೆರಿಗೆ ಕಡಿಯುತ್ತಾರೆ, ಕೊನೆಗೆ ಒಮ್ಮೆಲೆ ಒಂಬತ್ತು ಸಾವಿರ ಹೊಂದಿಸುವ ತಾಪತ್ರಯ ತಪ್ಪುತ್ತದೆ. ನಮೂನೆಗಳನ್ನು ಪ್ರತಿ ವರ್ಷ ಹೊಸದಾಗಿ ಪ್ರಕಟಿಸುತ್ತಾರೆ, ಮೇಲೆ ಹೇಳಿದ ಮಿತಿಗಳು 2024-25ರ ಆದಾಯಕ್ಕೆ ಸಂಬಂಧಿಸಿದವು. ಮುಂದಿನ ಬೇಸಿಗೆಯಲ್ಲಿ ರಿಟರ್ನ್‌ಗೆ ಕೂರುವಾಗ ಆ ವರ್ಷದ ಐಟಿಆರ್-1ರ ಮೊದಲ ಪುಟದಲ್ಲಿ ಅದನ್ನು ಯಾರು ತುಂಬಬಹುದು, ಯಾರು ತುಂಬಬಾರದು ಎಂದು ಬರೆದಿರುವ ನಾಲ್ಕು ಸಾಲುಗಳನ್ನು ಮೊದಲು ಓದಿ.